ಇಳಿಯುವ ಮುನ್ನ ಏರುವ ಘಾತಗಳು

ರೇಖೀಯ ಬೀಜಗಣಿತ ಓದಿದವರಿಗೆಲ್ಲ ಬಾಯಿಪಾಠವಾಗಿರುವ ಪ್ರಮೇಯವೊಂದಿದೆ. ಚೌಕ ಮ್ಯಾಟ್ರಿಕ್ಸ್ A ಯ ಐಗೆನ್ ಮೌಲ್ಯಗಳೆಲ್ಲ ಗಾತ್ರದಲ್ಲಿ ಒಂದಕ್ಕಿಂತ ಚಿಕ್ಕವಾಗಿದ್ದರೆ, A ಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತ ಹೋದಾಗ ಬರುವ ಘಾತ Aᵏ ಕೊನೆಗೆ ಸೊನ್ನೆಯತ್ತ ಸಾಗುತ್ತದೆ. ಆ ಮೌಲ್ಯಗಳಲ್ಲಿ ಅತಿ ದೊಡ್ಡದರ ಗಾತ್ರಕ್ಕೆ ಸ್ಪೆಕ್ಟ್ರಲ್ ತ್ರಿಜ್ಯ ಎಂದು ಹೆಸರು, ಗುರುತು ρ. ಪ್ರಮೇಯ ನಿಜ, ಸಾಧನೆಯಲ್ಲಿ ಯಾವ ಬಿರುಕೂ ಇಲ್ಲ. ತೊಂದರೆ ಇರುವುದು ನಾವು ಅದನ್ನು ಓದುವ ರೀತಿಯಲ್ಲಿ. ‘ಕೊನೆಗೆ’ ಎಂಬ ಮಾತನ್ನು ಸದ್ದಿಲ್ಲದೆ ಕೈಬಿಟ್ಟು, ρ ಒಂದಕ್ಕಿಂತ ಕಡಿಮೆ ಎಂದರೆ ಪ್ರತಿ ಹೆಜ್ಜೆಯಲ್ಲೂ ಕುಗ್ಗುತ್ತದೆ ಎಂದು ಓದಿಬಿಡುತ್ತೇವೆ. ಕೊನೆಯ ದಿನದ ಬಗ್ಗೆ ಹೇಳಿದ ಮಾತನ್ನು ನಾಳೆಯ ಬಗ್ಗೆ ಹೇಳಿದ ಹಾಗೆ ಕೇಳಿಸಿಕೊಳ್ಳುವ ಈ ತಪ್ಪು ಲೆಕ್ಕದ ಪುಸ್ತಕದೊಳಗೇ ಉಳಿದಿಲ್ಲ. ಕಂಪ್ಯೂಟರಿನಲ್ಲಿ ಹರಿವನ್ನು ಲೆಕ್ಕ ಹಾಕುವವರಿಗೂ ಪ್ರಾಣಿಸಂಖ್ಯೆಯನ್ನು ಅಂದಾಜು ಮಾಡುವವರಿಗೂ ಅದು ಪೆಟ್ಟು ಕೊಟ್ಟಿದೆ. ಐಗೆನ್ ಮೌಲ್ಯಗಳು ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂಬುದು ಈ ಲೇಖನದ ವಾದ.

ಎರಡೇ ಸಾಲು, ಎರಡೇ ಕಂಬಗಳ ಮ್ಯಾಟ್ರಿಕ್ಸ್‌ನಿಂದ ಶುರುಮಾಡೋಣ. ಮೊದಲ ಸಾಲಿನಲ್ಲಿ 0.9 ಮತ್ತು 10, ಎರಡನೆಯ ಸಾಲಿನಲ್ಲಿ 0 ಮತ್ತು 0.8. ಕರ್ಣದ ಕೆಳಗೆ ಸೊನ್ನೆ ಇರುವುದರಿಂದ ಐಗೆನ್ ಮೌಲ್ಯಗಳು ಕರ್ಣದಲ್ಲೇ ಕಾಣುತ್ತವೆ: 0.9 ಮತ್ತು 0.8. ಹಾಗಾಗಿ ρ = 0.9. ಇದರ k ನೇ ಘಾತದಲ್ಲಿ ಬಲ ಮೇಲ್ಮೂಲೆಯ ಸಂಖ್ಯೆ 100 × (0.9ᵏ − 0.8ᵏ) ಎಂದು ಕೈಯಲ್ಲೇ ಲೆಕ್ಕ ಮಾಡಬಹುದು. ಮೊದಲ ಹೆಜ್ಜೆಗೆ ಅದು 10, ಎರಡನೆಯದಕ್ಕೆ 17, ಮೂರನೆಯದಕ್ಕೆ 21.7, ಆರನೆಯದಕ್ಕೆ 26.9. ಅಲ್ಲಿಂದ ಇಳಿಜಾರು: 20ನೇ ಹೆಜ್ಜೆಗೆ 11, 30ನೆಯದಕ್ಕೆ 4ರ ಆಸುಪಾಸು. ಒಂದಕ್ಕಿಂತ ಕೆಳಗೆ ಬರುವುದು 44ನೇ ಹೆಜ್ಜೆಯಲ್ಲಿ. ಪ್ರತಿ ಹೆಜ್ಜೆಗೂ ಶೇ. 10 ಕರಗಬೇಕೆಂದು ನಾವು ಎಣಿಸಿದ್ದ ವಸ್ತು ಮೊದಲು 27 ಪಟ್ಟು ಉಬ್ಬಿ, ತನ್ನ ಮೂಲ ಅಳತೆಗೆ ಮರಳಲು 40ಕ್ಕೂ ಹೆಚ್ಚು ಹೆಜ್ಜೆ ತೆಗೆದುಕೊಂಡಿತು.

ಈ ಉಬ್ಬು ಎಲ್ಲಿಂದ ಬಂತು? ಐಗೆನ್ ವೆಕ್ಟರ್‌ಗಳ ನಡುವಿನ ಕೋನ ನೋಡಿದರೆ ಗುಟ್ಟು ಗೊತ್ತಾಗುತ್ತದೆ. 0.9ಕ್ಕೆ ಸೇರಿದ ದಿಕ್ಕು (1, 0), 0.8ಕ್ಕೆ ಸೇರಿದ್ದು (−100, 1). ಒಂದು ಬಲಕ್ಕೆ, ಇನ್ನೊಂದು ಹೆಚ್ಚುಕಡಿಮೆ ನೇರ ಎಡಕ್ಕೆ. ಗೆರೆಗಳಾಗಿ ನೋಡಿದರೆ ಇವೆರಡರ ನಡುವಿನ ಕೋನ ಒಂದು ಡಿಗ್ರಿಯೂ ಇಲ್ಲ. ಈಗ (0, 1) ಎಂಬ ಒಂದು ಮಾನ ಉದ್ದದ ವೆಕ್ಟರನ್ನು ಇವುಗಳಲ್ಲಿ ಬರೆಯಬೇಕಾದರೆ (1, 0)ರ ನೂರು ಪಾಲನ್ನು (−100, 1)ಕ್ಕೆ ಕೂಡಿಸಬೇಕು. ನೂರು ಮಾನ ಉದ್ದದ ಎರಡು ವೆಕ್ಟರ್‌ಗಳು ಒಂದನ್ನೊಂದು ಹೊಡೆದುಹಾಕಿ, ಉಳಿದ ಚೂರು ನಮ್ಮ ಕಣ್ಣಿಗೆ ಬೀಳುವ ಪುಟ್ಟ ವೆಕ್ಟರ್. ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆಯವರು ಸಮಬಲದಿಂದ ಎಳೆಯುತ್ತಿರುವಾಗ ಹಗ್ಗ ಅಲುಗದೆ ನಿಂತ ಹಾಗೆ. ಒಂದೊಂದು ಹೆಜ್ಜೆಗೂ ಇಬ್ಬರೂ ಸುಸ್ತಾಗುತ್ತಾರೆ, ಆದರೆ ಒಬ್ಬ 0.9ರಂತೆ, ಇನ್ನೊಬ್ಬ 0.8ರಂತೆ. ಆರು ಹೆಜ್ಜೆಯಾದ ಮೇಲೆ ಒಬ್ಬನಲ್ಲಿ 53 ಪಾಲು ಬಲ, ಇನ್ನೊಬ್ಬನಲ್ಲಿ 26 ಪಾಲು. ಹಗ್ಗ 27ರಷ್ಟು ಜರುಗುತ್ತದೆ. ಯಾರ ಬಲವೂ ಹೆಚ್ಚಾಗಲಿಲ್ಲ, ಹೆಚ್ಚಾದದ್ದು ಅವರ ನಡುವಿನ ವ್ಯತ್ಯಾಸ. ಐಗೆನ್ ಮೌಲ್ಯ ಅಳೆಯುವುದು ಒಬ್ಬೊಬ್ಬನ ದಣಿವನ್ನು ಮಾತ್ರ.

ಐಗೆನ್ ವೆಕ್ಟರ್‌ಗಳು ಒಂದಕ್ಕೊಂದು ಲಂಬವಾಗಿದ್ದರೆ ಇಂಥ ಹೊಡೆದುಹಾಕುವಿಕೆಗೆ ಅವಕಾಶವೇ ಇಲ್ಲ. ಅಂಥ ಮ್ಯಾಟ್ರಿಕ್ಸ್‌ಗಳನ್ನು ನಾರ್ಮಲ್ ಎನ್ನುತ್ತಾರೆ. ಸಮಮಿತ ಮ್ಯಾಟ್ರಿಕ್ಸ್‌ಗಳೆಲ್ಲ ಈ ಗುಂಪಿನವು. ನಾರ್ಮಲ್ ಆಗಿದ್ದರೆ Aᵏ ಯ ನಾರ್ಮ್, ಅಂದರೆ ಅದು ಯಾವುದೇ ವೆಕ್ಟರನ್ನು ಹಿಗ್ಗಿಸಬಲ್ಲ ಗರಿಷ್ಠ ಪಟ್ಟು, ಕರಾರುವಾಕ್ಕಾಗಿ ρᵏ. ಉಳಿದವು ನಾನ್‌ನಾರ್ಮಲ್. ಅವುಗಳಿಗೆ ಉಳಿಯುವ ಭರವಸೆ 1941ರಲ್ಲಿ ಗೆಲ್‌ಫಂಡ್ ಕೊಟ್ಟ ಸೂತ್ರ: Aᵏ ಯ ನಾರ್ಮ್‌ನ k ನೇ ಮೂಲವು k ಅನಂತಕ್ಕೆ ಹೋದಾಗ ρ ಆಗುತ್ತದೆ. k ಎಷ್ಟು ದೊಡ್ಡದಾದರೆ ಸಾಕು ಎಂಬ ಬಗ್ಗೆ ಸೂತ್ರಕ್ಕೆ ಬಾಯಿಲ್ಲ. ನಮ್ಮ ಪಠ್ಯಪುಸ್ತಕಗಳ ಉದಾಹರಣೆಗಳು ಹೆಚ್ಚಾಗಿ ಸಮಮಿತವಾಗಿರುವುದರಿಂದ ನಾರ್ಮಲ್ ಪ್ರಪಂಚದ ರೂಢಿಯೇ ಕೈಗೆ ಹತ್ತಿರುತ್ತದೆ ಎಂದು ನನಗನ್ನಿಸುತ್ತದೆ.

ಎರಡು ಸಾಲಿನ ಆಟಿಕೆಯಲ್ಲಿ ಮೂಲೆಗೆ 10 ಎಂದು ಬೇಕೆಂದೇ ಬರೆದಿದ್ದೀರಿ, ನಿಜವಾದ ಲೆಕ್ಕಗಳಲ್ಲಿ ಹೀಗಾಗುತ್ತದೆಯೇ ಎಂದು ಓದುಗರು ಕೇಳಬಹುದು. ಸರಿಯಾದ ಪ್ರಶ್ನೆ. ಉತ್ತರಕ್ಕೆ ಕಂಪ್ಯೂಟರ್ ಲೆಕ್ಕದ ಅತ್ಯಂತ ಹಳೆಯ, ಅತ್ಯಂತ ಸರಳ ಪ್ರಕರಣವೊಂದನ್ನು ಬಿಡಿಸಿ ನೋಡಬಹುದು. ಕಾಲುವೆಯೊಂದರಲ್ಲಿ ನೀರು ಒಂದೇ ವೇಗದಲ್ಲಿ ಬಲಕ್ಕೆ ಹರಿಯುತ್ತಿದೆ. ಅದರೊಳಗೆ ಬೆರೆತ ಬಣ್ಣ ನೀರಿನ ಜೊತೆ ಸಾಗಬೇಕು, ಅಷ್ಟೆ. ಕಾಲುವೆಯನ್ನು 50 ಸಮ ಮನೆಗಳಾಗಿ ಭಾಗಿಸಿ, ಪ್ರತಿ ಮನೆಯಲ್ಲಿ ಬಣ್ಣ ಎಷ್ಟಿದೆ ಎಂಬ ಸಂಖ್ಯೆ ಇಟ್ಟುಕೊಳ್ಳೋಣ. ಎಡಗಡೆಯಿಂದ ಬರುವ ನೀರು ಶುದ್ಧ. ಒಂದು ಕಾಲಹೆಜ್ಜೆಯಲ್ಲಿ ನೀರು c ಮನೆಗಳಷ್ಟು ದೂರ ಸಾಗುತ್ತದೆ ಎನ್ನೋಣ. ಅಪ್‌ವಿಂಡ್ ಎಂದು ಕರೆಯುವ ವಿಧಾನ ಹೇಳುವುದಿಷ್ಟು: ಮನೆಯ ಹೊಸ ಬಣ್ಣ = (1 − c) × ತನ್ನ ಹಳೆಯ ಬಣ್ಣ + c × ಎಡ ನೆರೆಮನೆಯ ಹಳೆಯ ಬಣ್ಣ. c ಅರ್ಧವಿದ್ದರೆ ಹೊಸ ಬಣ್ಣ ಎರಡೂ ಮನೆಗಳ ಸರಾಸರಿ. c ಒಂದಾದರೆ ಎಡದ ಬಣ್ಣ ಹಾಗೇ ಬಂದು ಕೂರುತ್ತದೆ. c ಒಂದನ್ನು ಮೀರಿ, ಒಂದೂವರೆಯಾದರೆ? ನೀರು ಒಂದೂವರೆ ಮನೆಯಷ್ಟು ಹಿಂದಿನಿಂದ ಬರಬೇಕು, ವಿಧಾನದ ಕಣ್ಣು ಹಾಯುವುದು ಒಂದೇ ಮನೆಯವರೆಗೆ. ಬೇಕಾದ ಸುದ್ದಿ ತಲುಪದ ಇಂಥ ಲೆಕ್ಕ ಸರಿಯಾದ ಉತ್ತರದತ್ತ ಸಾಗದು ಎಂದು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲೇ ತೋರಿಸಿದ್ದರು. ಆಗಿನ್ನೂ ಎಲೆಕ್ಟ್ರಾನಿಕ್ ಕಂಪ್ಯೂಟರೇ ಇರಲಿಲ್ಲ.

ಈಗ c = 1.5 ಎಂದಿಟ್ಟು ಮ್ಯಾಟ್ರಿಕ್ಸ್ ಬರೆಯಿರಿ. ಕರ್ಣದ ತುಂಬ −0.5, ಅದರ ಕೆಳಗಿನ ಗೆರೆಯ ತುಂಬ 1.5, ಉಳಿದೆಡೆ ಸೊನ್ನೆ. ತ್ರಿಕೋನಾಕಾರದ ಮ್ಯಾಟ್ರಿಕ್ಸ್ ಆದ್ದರಿಂದ ಐವತ್ತೂ ಐಗೆನ್ ಮೌಲ್ಯಗಳು −0.5. ρ = 0.5. ಐಗೆನ್ ಮೌಲ್ಯವನ್ನಷ್ಟೇ ನೋಡುವವನಿಗೆ ಇದು ಹಿಂದಿನ ಆಟಿಕೆಗಿಂತ ಬಹಳ ಸುರಕ್ಷಿತ, ಹೆಜ್ಜೆಗೊಮ್ಮೆ ಅರ್ಧವಾಗಬೇಕು. ಅದೇ ಪರೀಕ್ಷೆಯ ಪ್ರಕಾರ c ಎರಡನ್ನು ಮುಟ್ಟುವವರೆಗೂ ಎಲ್ಲ ಕ್ಷೇಮ. ಆದರೆ ಮನೆಗಳಲ್ಲಿ +1, −1, +1, −1 ಎಂದು ಗರಗಸದ ಹಲ್ಲಿನಂತೆ ಸಂಖ್ಯೆಗಳನ್ನು ತುಂಬಿ ಒಂದು ಹೆಜ್ಜೆ ಇಡಿ. +1 ಇದ್ದ ಮನೆಗೆ ಬರುವುದು −0.5 × 1 + 1.5 × (−1), ಅಂದರೆ −2. ಪಕ್ಕದ −1ರ ಮನೆಗೆ +2. ಗರಗಸ ತಲೆಕೆಳಗಾಯಿತು, ಹಲ್ಲು ಇಮ್ಮಡಿಯಾಯಿತು. ಮುಂದಿನ ಹೆಜ್ಜೆಗೆ 4, ಆಮೇಲೆ 8. ಎಡಗಡೆಯ ಶುದ್ಧ ನೀರಿನ ಪ್ರಭಾವ ಹೆಜ್ಜೆಗೆ ಒಂದೇ ಮನೆಯಂತೆ ಬಲಕ್ಕೆ ಸರಿಯುವುದರಿಂದ ಐವತ್ತನೆಯ ಮನೆಗೆ 49 ಹೆಜ್ಜೆಗಳವರೆಗೆ ಅದರ ಸುಳಿವೇ ಸಿಗುವುದಿಲ್ಲ. ಅಷ್ಟರಲ್ಲಿ ಆ ಮನೆಯ ಸಂಖ್ಯೆ 2⁴⁹, ಅಂದರೆ 5.6 × 10¹⁴ ಆಗಿರುತ್ತದೆ. ನಂಬಿಕೆ ಬಾರದಿದ್ದರೆ ಈ ಕೆಲವು ಸಾಲುಗಳನ್ನು ಓಡಿಸಿ ನೋಡಬಹುದು:

```python
import numpy as np
N = 50
A = -0.5*np.eye(N) + 1.5*np.eye(N, k=-1)
P = np.eye(N)
for k in range(1, 301):
    P = A @ P
    if k in (1, 49, 97, 99, 300):
        print(k, np.linalg.norm(P, np.inf))
```

ಇಲ್ಲಿ ಅಳೆಯುತ್ತಿರುವುದು ಸಾಲುಮೊತ್ತದ ನಾರ್ಮ್: ಪ್ರತಿ ಸಾಲಿನ ಸಂಖ್ಯೆಗಳನ್ನು ಚಿಹ್ನೆ ಬಿಟ್ಟು ಕೂಡಿಸಿ, ಅತಿ ದೊಡ್ಡ ಮೊತ್ತವನ್ನು ತೆಗೆದುಕೊಳ್ಳುವುದು. ಯಾವುದೋ ಮನೆಯಲ್ಲಿ ಆಗಬಹುದಾದ ಅತಿ ಕೆಟ್ಟ ಉಬ್ಬು ಎಷ್ಟೆಂದು ಅದು ಹೇಳುತ್ತದೆ. ಈ ಮ್ಯಾಟ್ರಿಕ್ಸ್‌ಗೆ ಅದನ್ನು ಕಾಗದದ ಮೇಲೆಯೇ ಪೂರ್ತಿ ಬಿಡಿಸಬಹುದು, ಬಿಡಿಸಿದಾಗ ಬರುವ ಉತ್ತರ ಚೆಂದವಾಗಿದೆ. ನೂರಕ್ಕೆ 75 ಸಲ ತಲೆ ಬೀಳುವಂತೆ ವಾಲಿದ ನಾಣ್ಯವೊಂದನ್ನು k ಸಲ ಚಿಮ್ಮಿರಿ. Aᵏ ಯ ನಾರ್ಮ್ ಎಂದರೆ 2ᵏ ಅನ್ನು, 49ಕ್ಕಿಂತ ಹೆಚ್ಚು ತಲೆ ಬೀಳದಿರುವ ಸಂಭವನೀಯತೆಯಿಂದ ಗುಣಿಸಿದಷ್ಟು. k ಯು 49 ಆಗುವವರೆಗೆ ಅಷ್ಟು ತಲೆಗಳು ಬೀಳುವುದೇ ಸಾಧ್ಯವಿಲ್ಲ, ಹಾಗಾಗಿ ಸಂಭವನೀಯತೆ 1, ನಾರ್ಮ್ ನೇರವಾಗಿ 2ᵏ. ಸುಮಾರು 66ನೇ ಹೆಜ್ಜೆಯಲ್ಲಿ ಸಂಭವನೀಯತೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಆದರೂ ಇಮ್ಮಡಿಸುವ ಶಕ್ತಿಯದ್ದೇ ಮೇಲುಗೈ. 97ರ ಹೊತ್ತಿಗೆ ಸಂಭವನೀಯತೆ ಹೆಜ್ಜೆಗೊಮ್ಮೆ ಅರ್ಧವಾಗತೊಡಗಿ ಎರಡೂ ಸರಿದೂಗುತ್ತವೆ. ಅಲ್ಲೇ ಶಿಖರ, ಎತ್ತರ 10²²ಕ್ಕಿಂತ ಮೇಲೆ. ಅಲ್ಲಿಂದ ಇಳಿದು ನಾರ್ಮ್ ಒಂದಕ್ಕಿಂತ ಕಡಿಮೆಯಾಗಬೇಕಾದರೆ 250 ಹೆಜ್ಜೆ ದಾಟಬೇಕು. 300ರಲ್ಲಿ 10⁻¹⁰ರ ಆಸುಪಾಸು. ಪ್ರಮೇಯ ಕೊಟ್ಟ ಮಾತು ತಪ್ಪಲಿಲ್ಲ. ಆದರೆ ಕಾಲುವೆಯ ನಿಜವಾದ ನೀರು ಹೆಜ್ಜೆಗೆ ಒಂದೂವರೆ ಮನೆಯಂತೆ ಸಾಗಿ 34 ಹೆಜ್ಜೆಗಳಲ್ಲಿ ಕಾಲುವೆಯನ್ನೇ ಬಿಟ್ಟು ಹೋಗಿರುತ್ತದೆ. ನಮಗೆ ಉತ್ತರ ಬೇಕಿದ್ದದ್ದು ಆ 34 ಹೆಜ್ಜೆಗಳಿಗೆ.

‘ನನ್ನ ಬಣ್ಣ ನಯವಾಗಿ ಹರಡಿದೆ, ಗರಗಸ ಎಲ್ಲಿದೆ?’ ಎಂಬ ಆಕ್ಷೇಪಣೆಗೂ ಇಲ್ಲಿ ಉತ್ತರವಿದೆ. ಕಂಪ್ಯೂಟರು ಪ್ರತಿ ಸಂಖ್ಯೆಯನ್ನೂ ಸುಮಾರು 16 ಅಂಕಿಗಳಿಗೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. ಆ ಕತ್ತರಿಯ ಚೂರುಗಳಿಗೆ ಕ್ರಮವಿಲ್ಲ. ಅವುಗಳಲ್ಲಿ ಗರಗಸದ ಪಾಲೂ ಒಂದಿಷ್ಟು ಇದ್ದೇ ಇರುತ್ತದೆ. 10⁻¹⁶ರ ಚೂರು 10²² ಪಟ್ಟು ಹಿಗ್ಗಿದರೆ ಹತ್ತು ಲಕ್ಷ. ಎಲ್ಲ ಚೂರುಗಳೂ ಅತಿ ಕೆಟ್ಟ ಜೋಡಣೆಯಲ್ಲಿ ಕೂರುವುದಿಲ್ಲ ನಿಜ, ಆದರೆ ಇಷ್ಟು ದೊಡ್ಡ ಪಟ್ಟಿನ ಎದುರು ಅದೃಷ್ಟದ ಮಾತು ನಡೆಯದು. ಇದನ್ನು ಗುರುತಿಸುವುದು ಕಷ್ಟವೇನಲ್ಲ. ಪರದೆಯ ಮೇಲೆ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಎಂಬಂತೆ ಹಲ್ಲುಗಳು ಕಾಣಿಸಿಕೊಂಡು, ಅವು ಬಲಕ್ಕೆ ಸರಿಯುತ್ತ ಬೆಳೆದು, ಕೊನೆಗೆ ಗಡಿಯಿಂದ ಹೊರಬಿದ್ದು ಎಲ್ಲ ಶಾಂತವಾದರೆ, ಅದು ಕಾಲುವೆಯ ನೀರಿನ ಗುಣವಲ್ಲ, ಮ್ಯಾಟ್ರಿಕ್ಸ್‌ನ ಗುಣ.

ಇದನ್ನು ಪೀಟರ್ ಲ್ಯಾಕ್ಸ್ ಮತ್ತು ರಾಬರ್ಟ್ ರಿಕ್ಟ್‌ಮೈಯರ್ ಚೆನ್ನಾಗಿ ಅರಿತಿದ್ದರು. 1956ರಲ್ಲಿ ಅವರು ಸ್ಥಿರತೆಗೆ ಕೊಟ್ಟ ವ್ಯಾಖ್ಯೆ ಐಗೆನ್ ಮೌಲ್ಯದ ಮೇಲೆ ನಿಂತಿಲ್ಲ. ಮನೆಗಳನ್ನು ಚಿಕ್ಕದು ಮಾಡುತ್ತ, ಅವುಗಳ ಸಂಖ್ಯೆ ಹೆಚ್ಚಿಸುತ್ತ ಹೋದಾಗಲೂ ಘಾತಗಳ ನಾರ್ಮ್ ಒಂದೇ ಮಿತಿಯೊಳಗೆ ಇರಬೇಕು ಎಂಬುದು ಅವರ ಷರತ್ತು. 50 ಮನೆಗೆ 10²² ಎಂಬ ಮಿತಿ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಲಾಗದು, ಏಕೆಂದರೆ ಮನೆಗಳು ಹೆಚ್ಚಿದಂತೆ ಆ ಮಿತಿಯೂ ಓಡುತ್ತದೆ. ಐಗೆನ್ ಮೌಲ್ಯ ಮಾತ್ರ ಯಾವ ಗಾತ್ರಕ್ಕೂ −0.5ರಲ್ಲೇ ಕುಳಿತಿರುತ್ತದೆ.

ಹಾಗಿದ್ದರೆ ಉಬ್ಬನ್ನು ಮುಂಚಿತವಾಗಿ ಹೇಳಬಲ್ಲ ಅಳತೆ ಯಾವುದು? ಅದೇ ಕಾಲುವೆ ಮ್ಯಾಟ್ರಿಕ್ಸ್‌ನ ಬಲ ಮೇಲ್ಮೂಲೆಯಲ್ಲಿರುವ ಸೊನ್ನೆಯನ್ನು ಅಳಿಸಿ 10⁻¹⁰ ಎಂದು ಬರೆಯಿರಿ. ಕಾಲುವೆಯ ಕೊನೆಯಿಂದ ಆರಂಭಕ್ಕೆ ಹತ್ತು ಶತಕೋಟಿಯಲ್ಲಿ ಒಂದು ಪಾಲು ಬಣ್ಣ ಸೋರಿದಂತೆ. ಐವತ್ತೂ ಐಗೆನ್ ಮೌಲ್ಯಗಳು −0.5ನ್ನು ಬಿಟ್ಟು, ಅದನ್ನೇ ಕೇಂದ್ರವಾಗಿಟ್ಟ 0.94 ತ್ರಿಜ್ಯದ ವೃತ್ತದ ಮೇಲೆ ಹರಡಿ ನಿಲ್ಲುತ್ತವೆ. ಅತಿ ದೂರದ್ದು −1.44ರಲ್ಲಿ, ಒಂದರ ವೃತ್ತದಿಂದ ಸ್ಪಷ್ಟವಾಗಿ ಹೊರಗೆ. ಸೋರಿಕೆಯನ್ನು 10⁻¹⁶ಕ್ಕೆ ಇಳಿಸಿದರೂ ಅತಿ ದೂರದ್ದು −1.21ರಲ್ಲಿರುತ್ತದೆ. ಲೆಕ್ಕ ಸುಲಭ: ಸೋರಿಕೆಯ ಪ್ರಮಾಣವನ್ನು 1.5⁴⁹ರಿಂದ ಗುಣಿಸಿ 50ನೇ ಮೂಲ ತೆಗೆಯಬೇಕು, 10⁻¹⁶ರ 50ನೇ ಮೂಲವೇ 0.48ರಷ್ಟು ದೊಡ್ಡದು. ಹೀಗೆ ε ಗಾತ್ರದ ತಳ್ಳುವಿಕೆಯಿಂದ ಐಗೆನ್ ಮೌಲ್ಯಗಳು ಎಲ್ಲೆಲ್ಲಿಗೆ ಹೋಗಬಲ್ಲವೋ ಆ ಇಡೀ ಪ್ರದೇಶಕ್ಕೆ ಸ್ಯೂಡೋಸ್ಪೆಕ್ಟ್ರಮ್ ಎಂದು ಹೆಸರು. ಈ ವಿಚಾರ ಒಬ್ಬರ ಸೊತ್ತಲ್ಲ. ಸೋವಿಯತ್ ಗಣಿತಜ್ಞರಾದ ಗೊಡುನೊವ್ ಮತ್ತು ರ್ಯಾಬೆಂಕಿ 1960ರ ದಶಕದಲ್ಲೇ ಇದರ ಹತ್ತಿರ ಬಂದಿದ್ದರು. ಇದನ್ನು ಮನೆಮಾತಾಗಿಸಿದ್ದು ನಿಕ್ ಟ್ರೆಫೆಥೆನ್. ಮಾರ್ಕ್ ಎಂಬ್ರೀ ಜೊತೆ ಅವರು ಬರೆದ ದಪ್ಪ ಗ್ರಂಥ 2005ರಲ್ಲಿ ಬಂತು.

ತಳ್ಳುವಿಕೆಗೂ ಘಾತಗಳಿಗೂ ಏನು ಸಂಬಂಧ ಎಂಬುದಕ್ಕೆ ಸ್ವೀಡನ್ನಿನ ಹೈಂಜ್-ಒಟ್ಟೊ ಕ್ರೈಸ್ 1962ರಲ್ಲಿ ಕೊಟ್ಟ ಪ್ರಮೇಯ ಉತ್ತರ. ε ಗಾತ್ರದ ತಳ್ಳುವಿಕೆಯಿಂದ ಐಗೆನ್ ಮೌಲ್ಯ ಒಂದರ ವೃತ್ತವನ್ನು d ಯಷ್ಟು ದಾಟಬಲ್ಲದಾದರೆ, ಯಾವುದೋ ಒಂದು ಹೆಜ್ಜೆಯಲ್ಲಿ ಘಾತದ ನಾರ್ಮ್ d/ε ಯನ್ನು ಮುಟ್ಟಲೇಬೇಕು. ನಮ್ಮ ಕಾಲುವೆಯಲ್ಲಿ 10⁻¹⁶ರ ಸೋರಿಕೆ 0.21ರಷ್ಟು ಹೊರಗೆ ಒಯ್ದಿತ್ತು. 0.21ನ್ನು 10⁻¹⁶ರಿಂದ ಭಾಗಿಸಿದರೆ 2 × 10¹⁵. ಒಂದೂ ಘಾತವನ್ನು ಲೆಕ್ಕ ಮಾಡದೆ ಸಿಕ್ಕ ಎಚ್ಚರಿಕೆ. ಬೇರೆ ಬೇರೆ ε ಗಳಿಗೆ ಈ ಭಾಗಲಬ್ಧದ ಗರಿಷ್ಠವನ್ನು ಕ್ರೈಸ್ ಸ್ಥಿರಾಂಕ ಎನ್ನುತ್ತಾರೆ, ಗುರುತು K. ಅದು ಕೆಳಗಿನ ಮಿತಿ. ಮೇಲಿನ ಮಿತಿಯೂ ಇದೆ, ಅದಕ್ಕೊಂದು ಪುಟ್ಟ ಇತಿಹಾಸವೂ ಇದೆ. ಕ್ರೈಸ್ ಅವರ ಮೂಲ ಸಾಧನೆಯಲ್ಲಿ ಆ ಮಿತಿ ವಿಪರೀತ ಸಡಿಲವಾಗಿತ್ತು. ವರ್ಷಗಳಲ್ಲಿ ಬಿಗಿಯಾಗುತ್ತ ಬಂದು, 1984ರಲ್ಲಿ ಲೆವೆಕ್ ಮತ್ತು ಟ್ರೆಫೆಥೆನ್ ಅದನ್ನು 2eNK ಗೆ ತಂದರು, eNK ಸಾಕು ಎಂದು ಊಹಿಸಿದರು. 1991ರಲ್ಲಿ ಸ್ಪೈಕರ್ ಆ ಊಹೆಯನ್ನು ಸಾಧಿಸಿದರು. ಇಲ್ಲಿ N ಮ್ಯಾಟ್ರಿಕ್ಸ್‌ನ ಗಾತ್ರ, e ಎಂದರೆ 2.718. 50 ಮನೆಗಳಿಗೆ ಎರಡು ಮಿತಿಗಳ ನಡುವಿನ ಅಂತರ 136 ಪಟ್ಟು. ಶಿಖರ 10²² ಇರುವಲ್ಲಿ ಅಷ್ಟು ಅಂತರ ನಗಣ್ಯ. N ಲಕ್ಷಗಳಲ್ಲಿರುವಾಗ ಮೇಲಿನ ಮಿತಿಗೆ ಅಷ್ಟು ಬೆಲೆ ಉಳಿಯುವುದಿಲ್ಲ.

ಗಣಿತಜ್ಞರು ಎತ್ತುವ ಆಕ್ಷೇಪಣೆ ಇನ್ನೂ ಹರಿತವಾದುದು. ρ ಒಂದಕ್ಕಿಂತ ಕಡಿಮೆಯಿದ್ದರೆ, A ಪ್ರತಿ ಹೆಜ್ಜೆಯಲ್ಲೂ ಕುಗ್ಗಿಸುವಂಥ ನಾರ್ಮ್ ಒಂದು ಇದ್ದೇ ಇರುತ್ತದೆ. ಉಬ್ಬು ಕಾಣುವುದು ನೀವು ತಪ್ಪು ಅಳತೆಗೋಲು ಹಿಡಿದದ್ದರಿಂದ ಎಂಬುದು ಅವರ ಮಾತು. ಮಾತು ನಿಜ. ಆ ಅಳತೆಗೋಲು ಹೇಗಿರುತ್ತದೆಂದು ಕಾಲುವೆಗೆ ಲೆಕ್ಕ ಹಾಕೋಣ. ಒಂದೊಂದು ಮನೆಗೂ ಒಂದೊಂದು ತೂಕ ಕೊಟ್ಟು ಅಳೆಯುವುದಾದರೆ, ಕುಗ್ಗುವಿಕೆ ಕಾಣಬೇಕಾದರೆ ಪ್ರತಿ ಮನೆಯ ತೂಕ ಅದರ ಎಡ ಮನೆಯ ತೂಕದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿರಬೇಕು. ಐವತ್ತನೆಯ ಮನೆಗೆ ಬರುವಷ್ಟರಲ್ಲಿ ತೂಕ ಮೊದಲ ಮನೆಯದಕ್ಕಿಂತ 3⁴⁹, ಅಂದರೆ ಸುಮಾರು 2.4 × 10²³ ಪಟ್ಟು ಕಡಿಮೆ. ಆ ಗೋಲಿನಲ್ಲಿ ಅಳೆದರೆ ಕಾಲುವೆಯ ತುದಿಯಲ್ಲಿ ಏನೇ ಆದರೂ ಆಗಿಲ್ಲವೆಂದೇ ಲೆಕ್ಕ. ಉಬ್ಬು ಮಾಯವಾಗಲಿಲ್ಲ, ಮ್ಯಾಟ್ರಿಕ್ಸ್‌ನಿಂದ ಅಳತೆಗೋಲಿನೊಳಕ್ಕೆ ಹೋಗಿ ಅಡಗಿತು. ಯಾವ ನಾರ್ಮ್ ಸರಿ ಎಂಬುದನ್ನು ಬೀಜಗಣಿತ ತೀರ್ಮಾನಿಸುವುದಿಲ್ಲ. ಶಕ್ತಿಯನ್ನು ಅಳೆಯುತ್ತಿದ್ದೇವೆಯೋ, ಬಣ್ಣವನ್ನೋ, ತಲೆಗಳನ್ನೋ ಎಂಬುದು ತೀರ್ಮಾನಿಸುತ್ತದೆ. ಸ್ಯೂಡೋಸ್ಪೆಕ್ಟ್ರಮ್ ನಾರ್ಮ್ ಬದಲಾದಂತೆ ಬದಲಾಗುತ್ತದೆ ಎಂಬುದು ದೋಷವೆಂದು ಕೆಲವರು ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದೇ ಅದರ ಪ್ರಾಮಾಣಿಕತೆ.

ಐಗೆನ್ ಮೌಲ್ಯ ಒಂದು ಹೇಳಿ ಪ್ರಯೋಗ ಇನ್ನೊಂದು ಹೇಳಿದ ಅತಿ ಪ್ರಸಿದ್ಧ ಪ್ರಸಂಗ ದ್ರವಗಳ ಹರಿವಿನದು. ಎರಡು ಹಲಗೆಗಳ ನಡುವೆ ಒತ್ತಡದಿಂದ ಹರಿಯುವ ದ್ರವದಲ್ಲಿ ರೆನಾಲ್ಡ್ಸ್ ಸಂಖ್ಯೆ 5772 ಮುಟ್ಟುವವರೆಗೆ ಸಣ್ಣ ಕದಡಿಕೆಗಳೆಲ್ಲ ಕರಗಬೇಕೆಂದು 1971ರಲ್ಲಿ ಸ್ಟೀವನ್ ಆರ್ಸ್‌ಝಾಗ್ ನಿಖರವಾಗಿ ಲೆಕ್ಕ ಹಾಕಿದರು. ಪ್ರಯೋಗಾಲಯದಲ್ಲಿ ಪ್ರಕ್ಷುಬ್ಧತೆ ಸುಮಾರು 1000ಕ್ಕೇ ಕಾಣುತ್ತದೆ. ಒಂದು ಹಲಗೆ ಇನ್ನೊಂದರ ಮೇಲೆ ಸರಿಯುವಾಗ ನಡುವೆ ಆಗುವ ಕೂಯೆಟ್ ಹರಿವು ಇನ್ನೂ ವಿಚಿತ್ರ. ಅಲ್ಲಿ ಐಗೆನ್ ಮೌಲ್ಯಗಳ ಪ್ರಕಾರ ಯಾವ ವೇಗಕ್ಕೂ ಅಸ್ಥಿರತೆಯೇ ಇಲ್ಲ, ಆದರೆ ಪ್ರಯೋಗದಲ್ಲಿ 350ರ ಸುತ್ತಮುತ್ತ ಹರಿವು ಕದಡುತ್ತದೆ. 1993ರಲ್ಲಿ ಟ್ರೆಫೆಥೆನ್ ದಂಪತಿ, ರೆಡ್ಡಿ ಮತ್ತು ಡ್ರಿಸ್ಕಾಲ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಈ ಗೊಂದಲಕ್ಕೆ ನಾನ್‌ನಾರ್ಮಲ್ ಗುಣವೇ ಕಾರಣ ಎಂದು ವಾದಿಸಿತು. ಕಾಲ ಇಲ್ಲಿ ನಿರಂತರವಾಗಿ ಹರಿಯುತ್ತದೆ, ಆದರೆ ಸಮ ಅಂತರದಲ್ಲಿ ಹರಿವಿನ ಚಿತ್ರ ತೆಗೆದರೆ ಒಂದು ಚಿತ್ರದಿಂದ ಮುಂದಿನದಕ್ಕೆ ಒಯ್ಯುವ ಮ್ಯಾಟ್ರಿಕ್ಸ್‌ನ ಘಾತಗಳೇ ಎದುರಾಗುತ್ತವೆ. ರೆನಾಲ್ಡ್ಸ್ ಸಂಖ್ಯೆ 1000 ಇರುವ ಕೂಯೆಟ್ ಹರಿವಿನಲ್ಲಿ ಕದಡಿಕೆಯ ಶಕ್ತಿ ಕರಗುವ ಮುನ್ನ ಸುಮಾರು 1200 ಪಟ್ಟು ಹೆಚ್ಚಬಲ್ಲದು. ಹರಿವಿನ ಉದ್ದಕ್ಕೆ ಮಲಗಿದ ಪುಟ್ಟ ಸುಳಿಯೊಂದು ನಿಧಾನದ ನೀರನ್ನು ವೇಗದ ಪದರಕ್ಕೂ, ವೇಗದ ನೀರನ್ನು ನಿಧಾನದ ಪದರಕ್ಕೂ ಎತ್ತಿ ಹಾಕುತ್ತದೆ. ಸುಳಿ ಸಾಯುತ್ತಿರುತ್ತದೆ, ಅದು ಬಿಟ್ಟುಹೋದ ವೇಗದ ಪಟ್ಟೆಗಳು ದಪ್ಪಗಾಗುತ್ತಿರುತ್ತವೆ.

ಇದಕ್ಕೆ ಗಂಭೀರವಾದ ಪ್ರತಿವಾದ ಬಂದದ್ದು 1995ರಲ್ಲಿ, ಫ್ಯಾಬಿಯನ್ ವಾಲೆಫ್ ಅವರಿಂದ. ರೇಖೀಯ ಉಬ್ಬು ಎಷ್ಟೇ ದೊಡ್ಡದಾಗಲಿ, ಕೊನೆಗೆ ಇಳಿದೇ ಇಳಿಯುತ್ತದೆ. ಪ್ರಕ್ಷುಬ್ಧತೆ ಉಳಿದುಕೊಳ್ಳಬೇಕಾದರೆ ಪಟ್ಟೆಗಳು ಮುರಿದು ಮತ್ತೆ ಸುಳಿಗಳನ್ನು ಹುಟ್ಟಿಸಬೇಕು, ಆ ಕೆಲಸ ಅರೇಖೀಯ ಪದಗಳದ್ದು ಎಂದು ಅವರು ಹೇಳಿದರು. ಈ ವಾದವನ್ನು ತಳ್ಳಿಹಾಕಲು ಕಾರಣವಿಲ್ಲ. ಇನ್ನೊಂದು ಸಂಗತಿಯನ್ನು ಅದರ ಪಕ್ಕದಲ್ಲಿ ಇಡಬೇಕು, ಅಷ್ಟೆ. ದ್ರವದ ಸಮೀಕರಣದ ಅರೇಖೀಯ ಪದಗಳು ಕದಡಿಕೆಯ ಒಟ್ಟು ಶಕ್ತಿಯನ್ನು ಹೆಚ್ಚಿಸುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ಒಂದು ಅಲೆಯಿಂದ ಇನ್ನೊಂದಕ್ಕೆ ಹಂಚುತ್ತವೆ. ಐಗೆನ್ ಮೌಲ್ಯಗಳೆಲ್ಲ ಸ್ಥಿರವಾಗಿರುವಲ್ಲಿ ಶಕ್ತಿ ಹೆಚ್ಚಿತೆಂದರೆ ಅದು ರೇಖೀಯ ಭಾಗದ ನಾನ್‌ನಾರ್ಮಲ್ ಗುಣದಿಂದಲೇ ಬಂದಿರಬೇಕು. ಅಂದರೆ ಉಬ್ಬು ಅಗತ್ಯ, ಆದರೆ ಅದೊಂದೇ ಸಾಲದು. 1993ರ ಲೇಖನದ ಉತ್ಸಾಹದಲ್ಲಿ ಈ ಎರಡನೆಯ ಅರ್ಧ ಸ್ವಲ್ಪ ಹಿಂದೆ ಸರಿದಿತ್ತು ಎಂಬುದು ನನ್ನ ತೀರ್ಪು.

ಪರಿಸರ ವಿಜ್ಞಾನಿಗಳು ಇದೇ ಸಂಗತಿಗೆ ತಮ್ಮದೇ ಹೆಸರಿಟ್ಟರು. ಸಮತೋಲದಿಂದ ತಳ್ಳಿದ ಕ್ಷಣದಲ್ಲಿ ವ್ಯವಸ್ಥೆ ಹೆಚ್ಚೆಂದರೆ ಎಷ್ಟು ವೇಗವಾಗಿ ದೂರ ಸಿಡಿಯಬಲ್ಲದು ಎಂಬುದನ್ನು ನ್ಯೂಬರ್ಟ್ ಮತ್ತು ಕ್ಯಾಸ್ವೆಲ್ 1997ರಲ್ಲಿ ‘ರಿಯಾಕ್ಟಿವಿಟಿ’ ಎಂದು ಕರೆದರು. ಒಂದು ಕಲ್ಪಿತ ಲೆಕ್ಕ ಸಾಕು. ಪ್ರತಿ ದೊಡ್ಡ ಪ್ರಾಣಿ ವರ್ಷಕ್ಕೆ ನಾಲ್ಕು ಮರಿ ಹಾಕಿ ಸಾಯುತ್ತದೆ, ಐದು ಮರಿಗಳಲ್ಲಿ ಒಂದು ಮಾತ್ರ ದೊಡ್ಡದಾಗುತ್ತದೆ. 4 ಮತ್ತು 0.2ರ ಗುಣಲಬ್ಧ 0.8, ಅದರ ವರ್ಗಮೂಲವೇ ρ, ಸುಮಾರು 0.89. ಸಂತತಿ ಅಳಿವಿನ ಹಾದಿಯಲ್ಲಿದೆ. ಆದರೆ 100 ದೊಡ್ಡ ಪ್ರಾಣಿಗಳಿಂದ ಶುರುಮಾಡಿ ಮುಂದಿನ ವರ್ಷ ಎಣಿಸಿದವನಿಗೆ 400 ತಲೆಗಳು ಸಿಗುತ್ತವೆ. ಅದರ ಮುಂದಿನ ವರ್ಷ 80, ಆಮೇಲೆ 320, ಆಮೇಲೆ 64. ಮೊದಲ ಎರಡು ಗಣತಿಗಳನ್ನಷ್ಟೇ ನೋಡಿ ಸಂತತಿ ನಾಲ್ಕು ಪಟ್ಟಾಯಿತೆಂದು ವರದಿ ಬರೆದರೆ ಅಂಕಿ ತಪ್ಪಿರುವುದಿಲ್ಲ, ತೀರ್ಮಾನ ತಪ್ಪಿರುತ್ತದೆ.

ಹೀಗಾಗಿ ಒಂದೇ ಮ್ಯಾಟ್ರಿಕ್ಸ್‌ಗೆ ಮೂರು ಕಾಲಕ್ಕೆ ಮೂರು ಸಂಖ್ಯೆ ಬೇಕು. ಮೊದಲ ಹೆಜ್ಜೆಯಲ್ಲಿ ಏನಾಗಬಹುದು ಎಂಬುದಕ್ಕೆ A ಯ ನಾರ್ಮ್, ನಡುವಿನ ಶಿಖರಕ್ಕೆ ಕ್ರೈಸ್ ಸ್ಥಿರಾಂಕ, ಬಹುದೂರದ ಭವಿಷ್ಯಕ್ಕೆ ρ. ನಾರ್ಮಲ್ ಮ್ಯಾಟ್ರಿಕ್ಸ್‌ನಲ್ಲಿ ನಾರ್ಮ್ ಮತ್ತು ρ ಒಂದೇ ಆಗಿ, ನಡುವೆ ಶಿಖರ ಏಳಲು ಜಾಗವೇ ಇರುವುದಿಲ್ಲ. ಅವೆರಡೂ ದೂರ ಸರಿದಷ್ಟೂ ಮಧ್ಯದ ಸಂಖ್ಯೆಯನ್ನು ಕೇಳಲೇಬೇಕಾಗುತ್ತದೆ. ಕೇಳುವುದಕ್ಕೆ ಬೆಲೆಯೂ ಇದೆ: ಸಮತಲದ ಮೇಲೆ ಚುಕ್ಕೆಗಳ ಜಾಲ ಹಾಕಿ, ಪ್ರತಿ ಚುಕ್ಕೆ z ನಲ್ಲೂ zI − A ಯ ಅತಿ ಚಿಕ್ಕ ಸಿಂಗ್ಯುಲರ್ ಮೌಲ್ಯ ಲೆಕ್ಕ ಮಾಡಬೇಕು. ಕೆಲವು ನೂರು ಸಾಲಿನ ಮ್ಯಾಟ್ರಿಕ್ಸ್‌ಗೆ ಇದು ಮನೆಯ ಕಂಪ್ಯೂಟರಿನ ಕೆಲಸ, MATLAB ಇದ್ದವರಿಗೆ EigTool ಎಂಬ ಸಲಕರಣೆಯೂ ಇದೆ. ಲಕ್ಷ ಸಾಲಿನದಕ್ಕೆ ನೇರವಾಗಿ ಮಾಡಲಾಗದು, ಅಂದಾಜುಗಳ ಮೊರೆ ಹೋಗಬೇಕು.

ಅಷ್ಟೆಲ್ಲ ಮಾಡಲು ಪುರುಸೊತ್ತಿಲ್ಲದವರು ಕನಿಷ್ಠ ಒಂದು ಕೆಲಸ ಮಾಡಬಹುದು: ಮ್ಯಾಟ್ರಿಕ್ಸ್‌ನ ಗಾತ್ರವನ್ನು ಎರಡು ಪಟ್ಟು ಮಾಡಿ, ಘಾತಗಳ ನಾರ್ಮ್ ಅನ್ನು ಮತ್ತೊಮ್ಮೆ ಮುದ್ರಿಸಿ. ಮೇಲಿನ ಕೋಡಿನಲ್ಲಿ N ಅನ್ನು 50ರಿಂದ 100ಕ್ಕೆ ಬದಲಿಸಿದರೆ ρ ಮೊದಲಿನಂತೆಯೇ 0.5, ಆದರೆ 99ನೇ ಘಾತದ ನಾರ್ಮ್ 2⁹⁹, ಮೂವತ್ತು ಅಂಕಿಗಳ ಸಂಖ್ಯೆ.